ಚಾದರದಕ್ಕ ಹೊರಗಿಟ್ಟ ತೊಟ್ಟಿಲು

ಹೋಟೆಲಿನಲ್ಲಿ ಎಲ್ಲರೂ ಅವಳನ್ನು ಚಾದರದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಹಾಸಿಗೆ ಹಾಸುತ್ತಿದ್ದವಳು. ಮೂಗಿನ ತುದಿಯಲ್ಲೇ ಕೋಪ. ಮಾಲೀಕ ಕೂಡ ಅವಳೆದುರು ದನಿ ತಗ್ಗಿಸುತ್ತಿದ್ದ. ಹೊಸ ಮ್ಯಾನೇಜರಿಗೆ ಮಾತ್ರ ಅದಿನ್ನೂ ತಿಳಿದಿರಲಿಲ್ಲ.

ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ ಅವನು ಅವಳನ್ನು ಕರೆದ. “ಇನ್ನೂರ ಏಳರಲ್ಲಿ ಮಗು ಒಂದೇ ಸಮ ಅಳ್ತಿದೆ. ಪಕ್ಕದ ರೂಮಿನವರು ಎರಡು ಸಲ ಫೋನ್ ಮಾಡಿದ್ರು. ಹೋಗಿ ಸುಮ್ನಿರಿಸಿ ಅಂತ ಹೇಳು.”

“ಯಾರಿಗೆ ಹೇಳ್ಲಿ ಸಾರ್, ಮಗೂಗಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದವನು ಮಗುವಿನ ಅಪ್ಪ. ಅವನ ಹೆಂಡತಿ ಶಾಲೆಯ ಟೀಚರು, ಕೆಳಗಿನ ಸಭಾಂಗಣದಲ್ಲಿ ಮೂರು ದಿನದ ತರಬೇತಿಗೆ ಬಂದವಳು. ಹತ್ತು ತಿಂಗಳ ಮಗಳಿಗೆ ಇನ್ನೂ ಎದೆಹಾಲು, ಹಾಗಾಗಿ ಸಂಸಾರವೇ ಬಂದಿತ್ತು. ಮಗಳು ಅಪ್ಪನ ಹೆಗಲ ಮೇಲೆ ಕೆಂಪು ಕೆಂಪಾಗಿ ಅಳುತ್ತಿದ್ದಳು.

ಚಾದರದಕ್ಕನ ಕಣ್ಣು ಮೊದಲು ಹೋದದ್ದು ಕಿಟಕಿಯ ಪಕ್ಕದ ಮಡಚುವ ತೊಟ್ಟಿಲಿನ ಮೇಲೆ. ಅದರೊಳಗೆ ದಪ್ಪ ರಜಾಯಿ, ಎರಡು ದಿಂಬು, ಒಂದು ಬಟ್ಟೆ ಕರಡಿ. ಪರದೆಯ ಹಗ್ಗ ನೇರ ಅದರೊಳಗೇ ಇಳಿಬಿದ್ದಿತ್ತು.

“ಇದನ್ನ ಹೀಗೆ ಸಿಂಗಾರ ಮಾಡಿದ್ದು ಯಾರು?”

“ನಿಮ್ಮ ಮ್ಯಾನೇಜರೇ. ಹೋಟೆಲಿನ ಜಾಹೀರಾತಿಗೆ ಅಂತ ಫೋಟೋ ತೆಗೆದುಕೊಂಡ್ರು.”

ಅವಳು ತೊಟ್ಟಿಲಿನ ನಾಲ್ಕು ಅಂಚುಗಳನ್ನೂ ಒಂದೊಂದಾಗಿ ಅದುಮಿದಳು. ಮೂರು ಗಟ್ಟಿಯಾಗಿ ನಿಂತವು. ನಾಲ್ಕನೆಯದು ಕೈಗೆ ಸಡಿಲವಾಗಿ ಕುಸಿಯಿತು. ಅವಳ ಮುಖ ಕಪ್ಪಿಟ್ಟಿತು.

“ಇದರ ಕೊಂಡಿ ಕೂರ್ತಾ ಇಲ್ಲ. ಮಗು ಹಿಡ್ಕೊಂಡು ನಿಂತಿದ್ರೆ ಗತಿ ಏನಾಗ್ತಿತ್ತು? ಈ ದಿಂಬು ಮುಖದ ಮೇಲೆ ಬಿದ್ರೆ ಉಸಿರು ಎಲ್ಲಿಂದ ಬರುತ್ತೆ? ನೀವಾದ್ರೂ ನೋಡ್ಬಾರದಾ ಸ್ವಾಮಿ?”

ಅಪ್ಪ ತಬ್ಬಿಬ್ಬಾದ. ಅವಳು ತೊಟ್ಟಿಲನ್ನು ಎಳೆದುಕೊಂಡು ಕೆಳಗಿಳಿದಳು. ನೇರವಾಗಿ ಮ್ಯಾನೇಜರಿನ ಮೇಜಿನೆದುರು, ಅತಿಥಿಗಳ ನಡುವೆಯೇ ಅದನ್ನು ನಿಲ್ಲಿಸಿದಳು.

“ಇದು ಮುರಿದಿದೆ ಸಾರ್. ಫೋಟೋಗೆ ಇಲ್ಲೇ ಇರ್ಲಿ.”

ಉಗ್ರಾಣದಿಂದ ಹಳೆಯದೊಂದನ್ನು ಮೇಲೆ ತಂದಳು. ಮೊದಲು ನಾಲ್ಕು ಬದಿಯನ್ನೂ ಟಕ್ಕೆಂದು ಕೂರುವವರೆಗೆ ಮೇಲೆತ್ತಿದಳು, ಕೊನೆಗೆ ನಡುವಿನ ತಳವನ್ನು ಕೆಳಕ್ಕೆ ಒತ್ತಿದಳು. ಅದರ ಜೊತೆ ಬಂದ ತೆಳು ಗಟ್ಟಿ ಹಾಸಿಗೆ, ಅದಕ್ಕೆ ಬಿಗಿಯಾಗಿ ಕೂರುವ ಚಾದರ, ಅಷ್ಟೇ. ಕಿಟಕಿಯಿಂದ ದೂರ, ಏಸಿಯ ಗಾಳಿ ನೇರ ಬೀಳದ ಕಡೆ ಇಟ್ಟಳು.

“ಮನೇಲಿ ಹೇಗೆ ಮಲಗ್ತಾಳೆ?”

“ಅದೆಲ್ಲ ನನ್ನ ಹೆಂಡತಿಗೇ ಗೊತ್ತು.”

“ಹೆಂಡತಿಗೇ?” ಚಾದರದಕ್ಕ ಸೊಂಟಕ್ಕೆ ಕೈಯಿಟ್ಟಳು. “ಹತ್ತು ತಿಂಗಳಿಂದ ನೀವು ಬಾಡಿಗೆಗೆ ಇದ್ದೀರಾ ಆ ಮನೇಲಿ?”

ಅವನು ಹೆಂಡತಿಗೆ ಫೋನ್ ಮಾಡಿದ. ಟೀಚರು ಸಭೆಯಿಂದ ಹೊರಬಂದು ಪಿಸುದನಿಯಲ್ಲಿ ಹೇಳಿದಳು: ಕೋಣೆ ಕತ್ತಲಿರಬೇಕು. ಫ್ಯಾನಿನ ಸದ್ದು ಬೇಕು. ಹೊದಿಕೆಯ ಬದಲು ತೊಡಿಸುವ ತೋಳಿಲ್ಲದ ಮಲಗುಚೀಲ ಹಾಕಿ, ಎದೆಗೊರಗಿಸಿಕೊಂಡು ದಿನಾ ಹಾಡುವ ಆ ಜೋಗುಳ, ಆಮೇಲೆ ಎಚ್ಚರವಿರುವಾಗಲೇ ತೊಟ್ಟಿಲಿಗೆ.

ಹಿಂದಿನ ದಿನ ಅವನು ಮಲಗುಚೀಲವನ್ನು ಹೋಟೆಲಿನ ಲಾಂಡ್ರಿಗೆ ಕೊಟ್ಟಿದ್ದ. ಅದು ಘಮಘಮಿಸುತ್ತ ಬಂದಿತ್ತು. ಚಾದರದಕ್ಕ ಮೂಸಿ ನೋಡಿ ಬದಿಗಿಟ್ಟಳು. “ಇದ್ರಲ್ಲಿ ಮಗೂಗೆ ಗೊತ್ತಿರೋ ವಾಸನೆ ಇಲ್ಲ. ಇನ್ನೊಂದಿದ್ಯಾ?” ಮಾಸಿದ ಬಟ್ಟೆಯ ಗಂಟಿನಲ್ಲಿ ಇನ್ನೊಂದು ಸಿಕ್ಕಿತು. ಕತ್ತಿನ ಬಳಿ ಹಾಲಿನ ಕಲೆ. “ಇದೇ ಇರ್ಲಿ.”

ಫ್ಯಾನಿಲ್ಲದ ಕೋಣೆಗೆ ಕೆಲಸದವರ ಕೋಣೆಯ ಮೇಜುಫ್ಯಾನ್ ಬಂತು. ಅದರ ಮುಖವನ್ನು ಗೋಡೆಗೆ ತಿರುಗಿಸಿ, ವೈರು ಮಗುವಿನ ಕೈಗೆಟುಕದಂತೆ ದೂರ ಇಟ್ಟಳು. ಪರದೆ ಎಳೆದಳು.

“ಹಾಡಿ.”

“ನನಗೆ ಬರಲ್ಲ.”

“ಮನೇಲಿ ಪಕ್ಕದ ಕೋಣೇಲಿ ಕೂತು ಕೇಳಿಲ್ವಾ?”

ಅವನು ಅರ್ಧ ಸಾಲು, ಅರ್ಧ ಗುನುಗಿನಲ್ಲಿ ಹಾಡಿದ. ರಾಗ ದಾರಿ ತಪ್ಪಿದರೂ ಮಗು ತಲೆ ಎತ್ತಿ ಅಪ್ಪನ ಬಾಯಿಯನ್ನೇ ನೋಡಿತು. ಅಂಗಾತ ಮಲಗಿಸಿದಾಗ ಮತ್ತೆ ಅತ್ತಿತು. ಅವನು ತೊಟ್ಟಿಲ ಪಕ್ಕ ಕೂತು ಎದೆಯ ಮೇಲೆ ಕೈಯಿಟ್ಟು ಅದನ್ನೇ ಹಾಡಿದ. ಇಪ್ಪತ್ತು ನಿಮಿಷ ಹಿಡಿಯಿತು. ನಿದ್ದೆ ಹತ್ತಿತು.

ಊಟದ ಬಿಡುವಿನಲ್ಲಿ ಟೀಚರು ಓಡಿಬಂದಳು. ಮಲಗಿದ ಮಗುವನ್ನು ನೋಡಿ ನಿಟ್ಟುಸಿರು ಬಿಟ್ಟಳು, ಗಂಡನನ್ನು ನೋಡಿ ಸಿಟ್ಟಾದಳು. “ಇಷ್ಟು ದಿನ ಮಲಗಿಸಿ ಅಂದ್ರೆ ಬರಲ್ಲ ಅಂತಿದ್ರಲ್ಲ” ಎಂದಳು.

ಸಂಜೆಗೆ ಚಾದರದಕ್ಕನ ಕೈಗೆ ಮ್ಯಾನೇಜರಿನ ಮೆಮೊ ಬಂತು: ಅತಿಥಿಗಳೆದುರು ಅಶಿಸ್ತು. ಅವಳು ಅದೇ ಹಾಳೆಯ ಕೆಳಗೆ ಬರೆದಳು: ‘ಕೊಂಡಿ ಕೂರದ ತೊಟ್ಟಿಲನ್ನು ಮಗುವಿಗೆ ಕೊಟ್ಟವರ ಶಿಸ್ತು ಯಾವುದು?’ ಒಂದು ಪ್ರತಿಯನ್ನು ಮಾಲೀಕನಿಗೂ ಕಳಿಸಿದಳು.

ಮ್ಯಾನೇಜರ್ ಕ್ಷಮೆ ಕೇಳಲಿಲ್ಲ. ಆದರೆ ಮರುವಾರ ಎಲ್ಲ ತೊಟ್ಟಿಲುಗಳ ಪರೀಕ್ಷೆ ನಡೆಯಿತು. ಎರಡು ಗುಜರಿಗೆ ಹೋದವು. ಮೆಮೊವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಮಾತೆತ್ತಿದರೆ ಚಾದರದಕ್ಕನಿಗೆ ಇಂದಿಗೂ ಮೈ ಉರಿಯುತ್ತದೆ.