ಕುಂಕುಮ ಹಚ್ಚಿದ ಚೀಟಿಗಳು

ರಟ್ಟಿನ ಚೀಟಿಯ ಬಲಮೂಲೆಯಲ್ಲಿ ಬೆರಳಗಲದ ಕುಂಕುಮದ ಗುರುತಿತ್ತು. ಅದರಡಿಯಲ್ಲಿ ನನ್ನ ಅಕ್ಷರ: ‘ನಾಲ್ಕಿಂಚು ಹಿಂಜಸ್, ಎಂಟು ಡಬ್ಬ.’ ಎಂಟರ ಅರ್ಧ ಕುಂಕುಮದಲ್ಲಿ ಮುಳುಗಿಹೋಗಿತ್ತು. ಚೀಟಿ ಸಿಕ್ಕಿದ್ದು ಇಲಿಬೋನುಗಳ ಕೆಳಗೆ.

ಗಂಗಾನಗರದಲ್ಲಿದ್ದ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಇಲಿಬೋನು ವರ್ಷಕ್ಕೆ ಐದೋ ಆರೋ ಹೋಗುತ್ತಿದ್ದವು. ಬಾಗಿಲನ್ನು ಚೌಕಟ್ಟಿಗೆ ಹಿಡಿಸುವ ನಾಲ್ಕಿಂಚಿನ ಹಿಂಜಸ್ ದಿನಕ್ಕೆ ಐದು ಜೋಡಿ ಹೋಗುತ್ತಿತ್ತು. ಎಂಬತ್ತರ ದಶಕದ ಆರಂಭದ ವರ್ಷಗಳವು. ಹೆಬ್ಬಾಳದ ಕಡೆಯ ಬಯಲಿನಲ್ಲೆಲ್ಲ ಸೈಟುಗಳ ಕಲ್ಲು ನೆಟ್ಟು ಮನೆಗಳು ಏಳುತ್ತಿದ್ದವು. ಎಲ್ಲ ಮನೆಗೂ ಬಾಗಿಲು ಬೇಕಿತ್ತು.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಅಪ್ಪನ ಕಣ್ಣಿಗೆ ಪೊರೆ ಬಂದು ಆರ್ಡರ್ ಪುಸ್ತಕದ ಗೆರೆಗಳು ಕಾಣದಾದಾಗ ಅದನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಯವರೆಗೆ ಬರೆಯುತ್ತಿದ್ದವರು ಅಪ್ಪ, ಏನು ತರಿಸಬೇಕೆಂದು ಹೇಳಿ ಬರೆಸುತ್ತಿದ್ದವರು ಚಿಕ್ಕಪ್ಪ. ಅವರ ಲೆಕ್ಕ ಕಣ್ಣಳತೆಯದು. ಗೂಡು ಖಾಲಿ ಕಂಡರೆ ತರಿಸುವುದು, ಸೇಲ್ಸ್‌ಮನ್ ಹೊಗಳಿದರೆ ಇನ್ನಷ್ಟು ತರಿಸುವುದು. ಹಾಗಾಗಿ ಮೊಳೆ ಕೇಳಿದವನಿಗೆ ಮೊಳೆ ಇರುತ್ತಿರಲಿಲ್ಲ. ಕಿಟಕಿಗೆ ಹಾಕುವ ನವಿಲಿನಾಕಾರದ ಹಿತ್ತಾಳೆ ಹಿಡಿಗಳು ಮಾತ್ರ ನಾಲ್ಕು ವರ್ಷದಿಂದ ಒಂದೂ ಕದಲದೆ ಮೂರು ಗೂಡು ತುಂಬಿಕೊಂಡು ಕೂತಿದ್ದವು. ಜನ ಆಗಲೇ ಕಬ್ಬಿಣದ ಕಿಟಕಿಗೆ ಹೊರಳಿದ್ದರು.

ಅಪ್ಪ ನನಗೊಂದು ಗಡುವು ಹಾಕಿದ್ದರು. "ದೀಪಾವಳಿವರೆಗೂ ನೋಡೋಣ. ಅಷ್ಟರಲ್ಲಿ ಯಾವ ಗಿರಾಕಿನೂ ಬರಿಗೈಲಿ ವಾಪಸ್ ಹೋಗ್ಬಾರ್ದು, ಹಳೇ ಮಾಲೂ ಇನ್ನಷ್ಟು ಬೆಳೀಬಾರ್ದು. ಹಾಗಾದ್ರೆ ಪುಸ್ತಕ ನಿಂದೇ. ಇಲ್ಲಾಂದ್ರೆ ಅವನಿಗೇ." ಅಲ್ಲಿಗೆ ಮುಗಿಯುತ್ತಿರಲಿಲ್ಲ. ಪುಸ್ತಕ ಹೋದರೆ ನಾನು ಮತ್ತೆ ಅಡುಗೆಮನೆಯಲ್ಲಿ, ಬಂದ ಗಂಡಿನ ಕಡೆಯವರಿಗೆ ಕಾಫಿ ಹಿಡಿದುಕೊಂಡು ನಿಲ್ಲಬೇಕಿತ್ತು. ಅದನ್ನು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೂರು ತಿಂಗಳ ಕಾಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಯಾವ ಸಾಮಾನು ದಿನಕ್ಕೆ ಎಷ್ಟು ಹೋಗುತ್ತದೆಂದು ಗೀಟು ಹಾಕಿದೆ. ಕೇಳಿ ಸಿಗದೆ ಹೋದವರಿಗೂ ಬೇರೆ ಗೀಟು. ಇಲ್ಲದ ಸಾಮಾನು ಮಾರಾಟದ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಅದನ್ನು ಕೇಳಿದವರಿರುತ್ತಾರೆ. ಆಮೇಲೆ ಸರಕು ಬರಲು ಎಷ್ಟು ದಿನ ಹಿಡಿಯುತ್ತದೆಂದು ನೋಡಿದೆ. ಚಿಕ್ಕಪೇಟೆಯ ಸಗಟು ಅಂಗಡಿಯ ಸೇಲ್ಸ್‌ಮನ್ ಮಂಗಳವಾರ ಬರುತ್ತಿದ್ದ, ಸರಕು ಶುಕ್ರವಾರ. ಮೂರೇ ದಿನ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಆದರೆ ಬುಧವಾರ ಒಂದು ಸಾಮಾನು ಕಡಿಮೆಯಾದರೆ ಆರ್ಡರ್ ಕೊಡಲು ಮುಂದಿನ ಮಂಗಳವಾರದವರೆಗೆ ಕಾಯಬೇಕು, ಸರಕಿಗೆ ಅದರಾಚೆಯ ಶುಕ್ರವಾರದವರೆಗೆ. ಹತ್ತಿರ ಹತ್ತಿರ ಹತ್ತು ದಿನ. ದಿನಕ್ಕೆ ಐದರಂತೆ ಐವತ್ತು ಜೋಡಿ, ಇದ್ದಕ್ಕಿದ್ದಂತೆ ಹೆಚ್ಚು ಹೋದರೆ ಇರಲಿ ಎಂದು ಇನ್ನೂ ಹತ್ತು. ಡಬ್ಬಕ್ಕೆ ಹತ್ತು ಜೋಡಿ. ಆದ್ದರಿಂದ ಹಿಂಜಸ್‌ನ ಗಡಿ ಆರು ಡಬ್ಬ.

ಹೀಗೆ ಪ್ರತಿ ಸಾಮಾನಿಗೂ ಒಂದೊಂದು ಗಡಿ. ಅದನ್ನು ಹಳೆಯ ಶೂ ಡಬ್ಬಗಳ ರಟ್ಟು ಕತ್ತರಿಸಿ ಬರೆದು, ಸಾಮಾನಿನ ನಡುವೆಯೇ ಇಟ್ಟೆ. ಕೆಳಗಿನಿಂದ ಆರು ಡಬ್ಬ, ಅದರ ಮೇಲೆ ಚೀಟಿ, ಅದರ ಮೇಲೆ ಉಳಿದ ಡಬ್ಬಗಳು. ಮೇಲಿನವು ಖರ್ಚಾಗಿ ಚೀಟಿ ಕಂಡರೆ, ತೆಗೆದವರು ಅದನ್ನು ಗಲ್ಲಾಪೆಟ್ಟಿಗೆ ಪಕ್ಕದ ಕೊಕ್ಕೆಗೆ ಸಿಕ್ಕಿಸಬೇಕು. ಮಂಗಳವಾರ ಕೊಕ್ಕೆಯಲ್ಲಿದ್ದದ್ದನ್ನು ಬರೆಸುವುದು, ಬೇರೇನನ್ನೂ ಬರೆಸದಿರುವುದು. ಸರಕು ಬಂದ ದಿನ ಚೀಟಿ ಮತ್ತೆ ತನ್ನ ಜಾಗಕ್ಕೆ. ಹಿತ್ತಾಳೆ ಹಿಡಿಯ ಚೀಟಿಯ ಮೇಲೆ ‘ಬೇಡ’ ಎಂದಷ್ಟೇ ಬರೆದಿದ್ದೆ.

"ಏನ್ ಅಮ್ಮಣ್ಣಿ, ಮೊಳೆಗೂ ಜಾತಕ ಬರ್ದಿದ್ದೀಯಾ?" ಎಂದು ಚಿಕ್ಕಪ್ಪ ಗಿರಾಕಿಗಳೆದುರು ನಕ್ಕಿದ್ದರು. ಎರಡು ತಿಂಗಳು ಯಾವುದೂ ತಪ್ಪಲಿಲ್ಲ. ಅವರ ನಗು ನಿಂತಿತು.

ಆಯುಧಪೂಜೆ ಬಂತು. ಆ ವಾರ ಸಗಟು ಅಂಗಡಿಗಳು ಮುಚ್ಚುತ್ತವೆ, ಹಬ್ಬ ಕಳೆದ ಕೂಡಲೇ ಮನೆಕೆಲಸಗಳು ಜೋರಾಗುತ್ತವೆ. ಅದಕ್ಕೆಂದೇ ಹಿಂಜಸ್‌ನ ಗಡಿಯನ್ನು ಆರರಿಂದ ಎಂಟು ಡಬ್ಬಕ್ಕೆ ಏರಿಸಿದ್ದೆ. ಆದರೆ ಅಂಗಡಿ ತೊಳೆದು ಪೂಜೆ ಮಾಡುವ ಆ ಮೂರು ದಿನ ನಾನು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಹಿತ್ತಲ ಕೋಣೆಯಲ್ಲಿ ಚಾಪೆ, ಚೊಂಬು, ನಾನು. ಕಾರಣ ಹೇಳಬೇಕಾಗಿಲ್ಲ. ಗೂಡುಗಳಲ್ಲಿದ್ದ ಪ್ರತಿ ಚೀಟಿಯನ್ನೂ ಬರೆದ ಕೈ ನನ್ನದೇ ಆಗಿತ್ತು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಶನಿವಾರ ಅಂಗಡಿಗೆ ಹೋದೆ. ಗೂಡುಗಳು ಹೊಳೆಯುತ್ತಿದ್ದವು, ತಕ್ಕಡಿಗೆ ಚೆಂಡುಹೂವಿನ ಮಾಲೆ. ಮಂಗಳವಾರ ಕೊಕ್ಕೆ ಬರಿದಾಗಿತ್ತು. ಹಬ್ಬದ ವಾರ ಕಳೆದ ಮೇಲೆ ಬರಿದಾದ ಕೊಕ್ಕೆ! ಅದನ್ನು ನೋಡಿ ನನಗೆ ಅನುಮಾನ ಬರಬೇಕಿತ್ತು. ನನ್ನ ವ್ಯವಸ್ಥೆಯ ಬಗ್ಗೆ ನನಗಿದ್ದ ಹೆಮ್ಮೆಯಲ್ಲಿ ಬರಲಿಲ್ಲ. ಏನೂ ಬೇಡವೆಂದು ಸೇಲ್ಸ್‌ಮನ್‌ನನ್ನು ಕಳಿಸಿ ಹಿಂದಿನ ಕೋಣೆಗೆ ಹೋದೆ. ಈ ತಪ್ಪು ನನ್ನದೇ.

ಮುಂದಿನ ಸೋಮವಾರ ಅಬ್ಬಿಗೆರೆಯ ಮೇಸ್ತ್ರಿ ಬಂದರು. ಎಂಟು ವರ್ಷದಿಂದ ಅವರು ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ.

"ಗೌಡ್ರೇ, ನಾಲ್ಕಿಂಚು ಹಿಂಜಸ್ಸು, ಇಪ್ಪತ್ನಾಲ್ಕು ಜೊತೆ ಕೊಡಿ. ಅನ್ನೆರಡು ಬಾಗ್ಲು ನಾಳೀಕೆ ನಿಲ್ಬೇಕು. ಗುರುವಾರ ಗೃಹಪ್ರವೇಶ."

ಚಿಕ್ಕಪ್ಪ ಗೂಡಿಗೆ ಕೈ ಹಾಕಿದರು. ಅಲ್ಲಿದ್ದದ್ದು ಒಂದೇ ಡಬ್ಬ, ಅದರಲ್ಲಿ ನಾಲ್ಕು ಜೋಡಿ.

"ನಾಳೆ ಬಾರಪ್ಪ, ತರಿಸ್ಕೊಡ್ತೀನಿ."

"ನಾಳೆನಾ? ಬಡಗಿ ಬಂದು ಕೂತವ್ನೆ ಕಣ್ರೀ. ಬಾಗ್ಲು ಏನ್ ಗೋಡೆಗೆ ಒರಗಿಸಿ ಪೂಜೆ ಮಾಡ್ಸಾದಾ?"

"ಆ ನವಿಲಿನ ಹಿಡಿ ಇದೆ ನೋಡು, ಕಿಟಕಿಗೆ ಚೆನ್ನಾಗಿರುತ್ತೆ..."

"ಇಡಿ ತಗಂಡ್ ಏನ್ ತಲೆಗೆ ಸಿಗಿಸ್ಕಳ್ಳಾದಾ ಗೌಡ್ರೇ?" ಮೇಸ್ತ್ರಿ ಸೈಕಲ್ ತಿರುಗಿಸಿದರು. ಎದುರು ಸಾಲಿನ ಹೊಸ ಅಂಗಡಿಯ ಮುಂದೆ ಅದನ್ನು ನಿಲ್ಲಿಸಿದ್ದು ನಮಗೆಲ್ಲ ಕಾಣಿಸಿತು.

ನಾನು ಹಿಂದಿನ ಕೋಣೆಯಿಂದ ಹೊರಗೆ ಬಂದು ಆ ಕೊನೆಯ ಡಬ್ಬ ಎತ್ತಿದೆ. ಕೆಳಗೆ, ಹಲಗೆಗೆ ಅಂಟಿದಂತೆ, ಒಂದು ಚೀಟಿ: ‘ಬೇಡ.’ ಪಕ್ಕದ ಗೂಡಿನ ತಳದಲ್ಲಿ ಸ್ಕ್ರೂಗಳ ಕೆಳಗೆ ಚಿಲಕದ ಚೀಟಿ, ಚಿಲಕದ ಕೆಳಗೆ ಬಣ್ಣದ ಬ್ರಶ್ಶಿನದು. ಎಲ್ಲದರ ಮೂಲೆಯಲ್ಲೂ ಕುಂಕುಮ. ಕೊನೆಗೆ ಇಲಿಬೋನಿನ ಗೂಡು.

"ಚಿಕ್ಕಪ್ಪ, ಈ ಚೀಟಿಗಳನ್ನ ಯಾರು ತೆಗೆದಿದ್ದು?"

"ನಾನೇ. ಗೂಡು ಒರಸ್ಬೇಕಿತ್ತಲ್ಲ. ಲೆಕ್ಕದ ಕಾಗದ ಅಂತ ಖಾತೆ ಪುಸ್ತಕದ ಜೊತೆ ದೇವರ ಮುಂದೆ ಇಟ್ಟು ಪೂಜೆ ಮಾಡ್ದೆ. ನಿಂದೇ ಅಲ್ವಾ ಅಂತ ಎರಡು ಹೂವು ಹೆಚ್ಚೇ ಹಾಕ್ದೆ."

"ವಾಪಸ್ ಇಡೋವಾಗ ಮೇಲೆ ಬರ್ದಿರೋದು ಓದ್ಬಹುದಿತ್ತಲ್ಲ?"

"ಒಂದೊಂದು ಗೂಡಿಗೆ ಒಂದೊಂದು ಇಟ್ಟಿದೀನಿ. ನಡುವೆ ಇಟ್ರೆ ವಕ್ರ ಕಾಣುತ್ತೆ, ತಳಕ್ಕೆ ಹಾಕ್ದೆ. ಪೂಜೆ ಮಾಡಿದೀನಲ್ಲ ಅಮ್ಮಣ್ಣಿ, ಇನ್ನೇನ್ ಮಾಡ್ಬೇಕಿತ್ತು?"

ಅವರ ಮುಖದಲ್ಲಿ ಕುಹಕವಿರಲಿಲ್ಲ. ನನ್ನನ್ನು ಸುಟ್ಟದ್ದು ಅದೇ. ಬೇಕೆಂದು ಮಾಡಿದ್ದರೆ ಜಗಳವಾಡಬಹುದಿತ್ತು. ಅವರು ನನ್ನ ಕೆಲಸಕ್ಕೆ ಹೂವು ಹಾಕಿದ್ದರು, ಕೈಮುಗಿದಿದ್ದರು, ಒಂದು ಅಕ್ಷರವನ್ನೂ ಓದಿರಲಿಲ್ಲ. ತಳದಲ್ಲಿಟ್ಟ ಚೀಟಿ ಕಾಣುವುದು ಸಾಮಾನು ಪೂರ್ತಿ ಮುಗಿದ ಮೇಲೆ. ಆಗ ಅದನ್ನು ಹೇಳಲು ಚೀಟಿ ಯಾಕೆ ಬೇಕು?

"ನಡುವೆ ಇರೋದೇ ಅದರ ಕೆಲಸ," ಎಂದೆ. ದನಿ ಏರಿತ್ತು. ಅಂಗಡಿಯಲ್ಲಿ ನಾನು ದನಿ ಏರಿಸಿದ್ದು ಅದೇ ಮೊದಲು. "ಜಾಗ ತಪ್ಪಿದ್ರೆ ಅದು ಬರೀ ರಟ್ಟು. ನೀವು ಪೂಜೆ ಮಾಡಿದ್ದು ರಟ್ಟಿಗೆ."

ಅಪ್ಪ ಮೂಲೆಯ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. "ಹಬ್ಬದಲ್ಲಿ ಶ್ರದ್ಧೆಯಿಂದ ಮಾಡಿರೋದನ್ನ ಆಡ್ಕೋಬೇಡ," ಎಂದರು.

"ನಾನು ಆಡ್ಕೊಳ್ತಿಲ್ಲ ಅಪ್ಪ. ಹೋದವಾರ ಎಂಟು ಡಬ್ಬಕ್ಕೆ ಚೀಟಿ ಮೇಲೆ ಬಂದಿದ್ರೆ ಶುಕ್ರವಾರ ಸರಕು ಬಂದಿರೋದು. ಮೇಸ್ತ್ರಿ ಹೋಗ್ತಿರ್ಲಿಲ್ಲ."

"ಗಿರಾಕಿ ಬರಿಗೈಲಿ ಹೋದ್ನೋ ಇಲ್ವೋ?"

ಹೋದರು ಎಂದೆ.

"ಹಾಗಾದ್ರೆ ಮಾತು ಮಾತೇ. ನಾಳೆ ಮಂಗಳವಾರ. ಪುಸ್ತಕ ಅವನೇ ಹಿಡೀಲಿ."

ಚಿಕ್ಕಪ್ಪ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. "ಬೇಜಾರ್ ಮಾಡ್ಕೋಬೇಡ ಮಗಳೇ. ಇಷ್ಟು ಓದಿರೋಳು, ಮೊಳೆ ಲೆಕ್ಕ ಯಾಕೆ ನಿಂಗೆ?" ಎಂದರು. ಆಮೇಲೆ ನನ್ನೆದುರೇ ಗೂಡುಗಳನ್ನು ನೋಡಿ, ನವಿಲಿನ ಹಿಡಿಗಳ ಸಾಲಿನಲ್ಲಿ ಒಂದೆಡೆ ಸಂದು ಕಂಡು, "ಇದನ್ನೂ ಒಂದೆರಡು ಡಜನ್ ಹಾಕ್ಸಣ, ಖಾಲಿ ಕಾಣುತ್ತೆ," ಎಂದರು.

ಕೈಯಲ್ಲಿದ್ದ ಚೀಟಿಯ ಅಂಚು ಅಂಗೈಗೆ ಒತ್ತಿ ಗೆರೆ ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬೀಗದ ಕೈ ತೆಗೆದುಕೊಂಡು ಹೋದೆ. ಒಂದೊಂದೇ ಗೂಡಿನ ಸಾಮಾನು ಕೆಳಗಿಳಿಸಿ ಎಣಿಸಿದೆ. ಪ್ರತಿ ಚೀಟಿಯನ್ನೂ ಅದರ ಸಾಮಾನಿನ ನಡುವೆ, ಅದರ ಎತ್ತರದಲ್ಲಿ ಇಟ್ಟೆ. ಗಡಿ ದಾಟಿ ಕೆಳಗಿಳಿದಿದ್ದ ಹತ್ತೊಂಬತ್ತು ಸಾಮಾನುಗಳ ಚೀಟಿಗಳನ್ನು ಕೊಕ್ಕೆಗೆ ಸಿಕ್ಕಿಸಿದೆ. ಸೇಲ್ಸ್‌ಮನ್ ಬಂದಾಗ ಪುಸ್ತಕ ಚಿಕ್ಕಪ್ಪನ ಕೈಯಲ್ಲಿತ್ತು. ನಾನು ಹಿಂದಿನ ಕೋಣೆಗೆ ಹೋಗಲಿಲ್ಲ. ಕೊಕ್ಕೆಯ ಪಕ್ಕದಲ್ಲಿ, ಗಿರಾಕಿಗಳ ಮುಂದೆ ನಿಂತು ಒಂದೊಂದೇ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದೆ. ಮೊದಲನೆಯದು ನಾಲ್ಕಿಂಚು ಹಿಂಜಸ್. ಸೇಲ್ಸ್‌ಮನ್ ಚಿಕ್ಕಪ್ಪನ ಮುಖ ನೋಡಿದ, ಚಿಕ್ಕಪ್ಪ ಅಪ್ಪನ ಕಡೆ ನೋಡಿದರು. ಅಪ್ಪ ಏನೂ ಹೇಳಲಿಲ್ಲ. "ಬರ್ಕೊಳ್ಳಿ," ಎಂದೆ. ಅವನು ಬರೆದುಕೊಂಡ. ಹತ್ತೊಂಬತ್ತು ಮುಗಿದ ಮೇಲೆ ಚಿಕ್ಕಪ್ಪ ನವಿಲಿನ ಹಿಡಿಯತ್ತ ಕೈ ತೋರಿಸಿದರು. ನಾನು ಆ ಗೂಡಿನಿಂದ ಇಪ್ಪತ್ತನೆಯ ಚೀಟಿ ತೆಗೆದು, ಅದನ್ನೂ ಅಷ್ಟೇ ಗಟ್ಟಿಯಾಗಿ ಓದಿದೆ.

"ಬೇಡ."