ನೆಗೆಟಿವ್ ಎಂದ ರಿಪೋರ್ಟು, ಮುಷ್ಟಿ ಕಟ್ಟದ ಕೈ

ಆಗ ನನಗೆ ನಲವತ್ತಾರು ವರ್ಷ. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಬೆಸುಗೆ ಹಾಕುವುದನ್ನು ಕಲಿಸುತ್ತಿದ್ದೆ. ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು, ಕಾದ ಕಡ್ಡಿಯ ತುದಿಯನ್ನು ಅರೆಕ್ಷಣ ತಾಗಿಸಿ ಎತ್ತಬೇಕು. ಕೈ ನಡುಗಿದರೆ ಬೋರ್ಡು ಹಾಳು. ಹದಿನೆಂಟು ವರ್ಷಗಳಲ್ಲಿ ನನ್ನ ಕೈ ನಡುಗಿದ್ದನ್ನು ಯಾರೂ ನೋಡಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆ ಚಳಿಗಾಲದಲ್ಲಿ ಬೆಳಿಗ್ಗೆ ಎದ್ದಾಗ ಬೆರಳುಗಳು ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ನೋವಿಗಿಂತ ಹೆಚ್ಚಾಗಿ ಬಿಗಿತ. ರಾತ್ರಿಯಿಡೀ ಯಾರೋ ಗೆಣ್ಣುಗಳಿಗೆ ಗೋಂದು ಸುರಿದು ಒಣಗಿಸಿದ ಹಾಗೆ. ಕುಕ್ಕರಿನ ಮುಚ್ಚಳ ತಿರುಗುತ್ತಿರಲಿಲ್ಲ. ಸೀರೆಗೆ ಪಿನ್ನು ಹಾಕಲು ಆಗದೆ ಚೂಡಿದಾರಕ್ಕೆ ಬದಲಾದೆ. ಎರಡೂ ಕೈಗಳಲ್ಲಿ ಬೆರಳಿನ ಬುಡದ ಗೆಣ್ಣುಗಳು ಉಬ್ಬಿ, ಉಂಗುರ ತೆಗೆದಿಡಬೇಕಾಯಿತು. ಆದರೆ ಕಾಲೇಜು ಬಸ್ಸು ಹೆಬ್ಬಾಳದ ಜನಜಂಗುಳಿ ದಾಟಿ ಊರಾಚೆ ಹೋಗುವಷ್ಟರಲ್ಲಿ ಕೈ ನಿಧಾನವಾಗಿ ಸಡಿಲವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿ. ನನಗೆ ಕಷ್ಟವಾಗುತ್ತಿದ್ದದ್ದು ಯಾರೂ ನೋಡದ ಹೊತ್ತಿನಲ್ಲಿ. ನೋಡುವ ಹೊತ್ತಿನಲ್ಲಿ ನಾನು ಚೆನ್ನಾಗಿಯೇ ಇರುತ್ತಿದ್ದೆ.

ಗಂಗಾನಗರದ ನಮ್ಮ ಮನೆಯಲ್ಲಿ ಕೆಳಗೆ ನಾವು, ಮೇಲೆ ಭಾವ ಮತ್ತು ವಾರಗಿತ್ತಿ. ಅಡುಗೆ ಮಾತ್ರ ಒಂದೇ, ಕೆಳಗೆ. ವಾರಗಿತ್ತಿ ನನಗಿಂತ ಆರು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮ ಫ್ಯಾಮಿಲಿ ಡಾಕ್ಟರು ನನಗೆ ಕೆಲವು ರಕ್ತಪರೀಕ್ಷೆ ಬರೆದುಕೊಟ್ಟಾಗ ಅಕ್ಕನೂ ನನ್ನ ಜೊತೆ ಲ್ಯಾಬಿಗೆ ಬಂದರು. ಅವರಿಗೆ ಏನೂ ತೊಂದರೆ ಇರಲಿಲ್ಲ. ವಾಕಿಂಗ್ ಗೆಳತಿಯರೆಲ್ಲ ಮೈಯೆಲ್ಲ ಚೆಕಪ್ ಮಾಡಿಸುವ ಪ್ಯಾಕೇಜು ತೆಗೆದುಕೊಂಡಿದ್ದರಂತೆ, ತಾವೂ ಒಂದು ತೆಗೆದುಕೊಂಡರು. ಆ ಪ್ಯಾಕೇಜಿನಲ್ಲಿ ಸಂಧಿವಾತಕ್ಕೆಂದು ಮಾಡುವ ಆರ್‌ಎ ಫ್ಯಾಕ್ಟರ್ ಎಂಬ ಪರೀಕ್ಷೆಯೂ ಸೇರಿತ್ತು. ನನ್ನ ಚೀಟಿಯಲ್ಲೂ ಅದೇ ಇತ್ತು.

ಸಂಜೆ ಎರಡು ರಿಪೋರ್ಟೂ ಒಟ್ಟಿಗೆ ಬಂದವು. ಊಟದ ಮೇಜಿನ ಮೇಲೆ ನನ್ನ ಗಂಡ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಇಪ್ಪತ್ತರ ಒಳಗಿದ್ದರೆ ನೆಗೆಟಿವ್ ಎಂದು ಲ್ಯಾಬು ಬರೆದಿತ್ತು. ನನ್ನದು ಹನ್ನೊಂದು. ಅಕ್ಕನದು ಮೂವತ್ತೊಂದು, ದಪ್ಪ ಅಕ್ಷರದಲ್ಲಿ.

"ನಿಂದೇನೂ ಇಲ್ಲ ಬಿಡು, ನೆಗೆಟಿವ್. ಅತ್ತಿಗೆಗೇ ಇರೋದು ಪ್ರಾಬ್ಲಮ್ಮು" ಎಂದರು ಗಂಡ.

"ಇಎಸ್‌ಆರ್ ನಲವತ್ತೆಂಟು ಅಂತಿದೆಯಲ್ರೀ ನಂದು? ಅದು ಜಾಸ್ತಿ ಅಲ್ವಾ?" ಎಂದೆ.

"ಅದು ನೆಗಡಿ ಆದ್ರೂ ಏರತ್ತಂತೆ."

ಮರುದಿನ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಆರ್‌ಎ ಫ್ಯಾಕ್ಟರ್ ಇಲ್ಲ, ಹಾಗಾಗಿ ಸಂಧಿವಾತ ಅಲ್ಲ. ಮುಟ್ಟು ನಿಲ್ಲುವ ವಯಸ್ಸು, ಕ್ಯಾಲ್ಸಿಯಂ ತಗೊಳ್ಳಿ, ಬಿಸಿನೀರಿನಲ್ಲಿ ಕೈ ಅದ್ದಿ. ಕೆಟ್ಟ ಮನುಷ್ಯರಲ್ಲ ಅವರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಕಾಗದ ನೋಡಿದರು, ಕೈ ನೋಡಲಿಲ್ಲ.

ಆಮೇಲಿನ ಮೂರು ವಾರ ನಮ್ಮ ಮನೆ ತಲೆಕೆಳಗಾಯಿತು. ಅಕ್ಕ ಹೆದರಿ ಅರ್ಧ ಆದರು. ಮೊಬೈಲಿನಲ್ಲಿ ಸೊಟ್ಟ ಬೆರಳುಗಳ ಚಿತ್ರ ನೋಡಿ ನೋಡಿ, ತಮ್ಮ ನೆಟ್ಟಗಿನ ಬೆರಳನ್ನು ಗಂಟೆಗೊಮ್ಮೆ ಪರೀಕ್ಷಿಸುತ್ತಿದ್ದರು. ಟೊಮೆಟೊ ಬಿಟ್ಟರು, ಹುಣಸೆ ಬಿಟ್ಟರು, ಆಲೂಗಡ್ಡೆ ಬಿಟ್ಟರು. ತಣ್ಣೀರು ಮುಟ್ಟಬಾರದೆಂದು ಭಾವ ಕಟ್ಟಪ್ಪಣೆ ಮಾಡಿದರು. ಹೀಗಾಗಿ ಪಾತ್ರೆ, ಹಿಟ್ಟು ಕಲಸುವುದು, ತೆಂಗಿನಕಾಯಿ ತುರಿಯುವುದು ಎಲ್ಲವೂ ನೆಗೆಟಿವ್ ಆದ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಆರಕ್ಕೆ ಚಪಾತಿ ಹಿಟ್ಟಿಗೆ ಕೈ ಹಾಕಿದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಹೇಳಿದರೆ, "ರಿಪೋರ್ಟ್ ನಾರ್ಮಲ್ ಇದೆಯಲ್ಲಮ್ಮ" ಎನ್ನುತ್ತಿದ್ದರು ಭಾವ. ಕಾಗದ ಸುಳ್ಳು ಹೇಳುವುದಿಲ್ಲ, ಹೆಂಗಸು ಹೇಳುತ್ತಾಳೆ ಎಂಬ ಧಾಟಿ.

ಒಂದು ಭಾನುವಾರ ನನಗೆ ಸಾಕಾಯಿತು. ಆರೂವರೆಗೆ ಗಂಡನನ್ನು ಎಬ್ಬಿಸಿದೆ.

"ಎದ್ದು ಕೂತ್ಕೊಳ್ಳಿ. ನನ್ನ ಕೈ ನೋಡಿ."

"ಏನಾಯ್ತೇ?"

"ಮುಷ್ಟಿ ಕಟ್ತೀನಿ, ನೋಡಿ." ಬೆರಳುಗಳು ಅಂಗೈಗೆ ಎರಡು ಅಂಗುಲ ದೂರದಲ್ಲೇ ನಿಂತವು. "ಅಷ್ಟೇ. ಇದಕ್ಕಿಂತ ಮುಂದಕ್ಕೆ ಹೋಗಲ್ಲ. ಈಗ ಫೋನ್ ತಗೊಂಡು ವಿಡಿಯೋ ಮಾಡಿ, ಹಿಂದೆ ಗೋಡೆ ಗಡಿಯಾರ ಕಾಣೋ ಹಾಗೆ. ಎಂಟು ಗಂಟೆಗೆ ಇನ್ನೊಂದ್ಸಲ ಮಾಡಿ. ಇದು ನನ್ನ ರಿಪೋರ್ಟು."

ಅವರು ಮಾಡಿದರು. ಎಂಟು ಗಂಟೆಗೆ ಮುಷ್ಟಿ ಅರೆಬರೆ ಕಟ್ಟಿತು. ಅವರು ಎರಡು ವಿಡಿಯೋಗಳನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ತಾವೇ ಹೋಗಿ ಚಪಾತಿ ಲಟ್ಟಿಸಿದರು. ಒಂದೂ ದುಂಡಗಿರಲಿಲ್ಲ.

ಆ ವಾರವೇ ಹೆಬ್ಬಾಳದ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೀಲುರೋಗದ ತಜ್ಞರ ಹತ್ತಿರ ಹೋದೆ. ಯಾವ ಡಾಕ್ಟರ ಶಿಫಾರಸು ಚೀಟಿಯನ್ನೂ ಕೇಳಲಿಲ್ಲ. ಅಕ್ಕನನ್ನೂ ಎಳೆದುಕೊಂಡು ಹೋದೆ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ರಿಪೋರ್ಟನ್ನು ಪಕ್ಕಕ್ಕಿಟ್ಟು ಕೈ ಚಾಚಲು ಹೇಳಿದರು. ಒಂದೊಂದೇ ಗೆಣ್ಣನ್ನು ಒತ್ತಿ ನೋಡಿ, ಮಣಿಕಟ್ಟು ಮಡಚಿ, ಕಾಲ್ಬೆರಳುಗಳನ್ನೂ ನೋಡಿದರು. ಕೊನೆಗೆ ಬೆರಳುಗಳ ಬುಡವನ್ನೆಲ್ಲ ಅಡ್ಡಡ್ಡ ಹಿಡಿದು ಹಿಂಡಿದಾಗ ನಾನು ಕೂಗಿಬಿಟ್ಟೆ.

"ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರತ್ತೆ?"

"ಒಂದೂವರೆ ಗಂಟೆ ಮೇಡಂ. ಮೂರು ತಿಂಗಳಾಯ್ತು."

"ಕೈ ಆಡಿಸ್ತಾ ಆಡಿಸ್ತಾ ಜಾಸ್ತಿ ಆಗತ್ತಾ, ಕಮ್ಮಿ ಆಗತ್ತಾ?"

"ಕಮ್ಮಿ ಆಗತ್ತೆ."

ವಿಡಿಯೋ ತೋರಿಸಿದೆ. ಅವರು ನಕ್ಕರು. "ಒಳ್ಳೇ ಕೆಲಸ ಮಾಡಿದೀರಿ. ಹನ್ನೊಂದು ಗಂಟೆಗೆ ಬಂದವರ ಕೈಯಲ್ಲಿ ಆರು ಗಂಟೆಯ ಬಿಗಿತ ನಮಗೆ ಕಾಣಲ್ಲ."

"ಆದ್ರೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಅಂತ ಎಲ್ಲರೂ..."

"ನೆಗೆಟಿವ್ ಇದ್ರೂ ಈ ಕಾಯಿಲೆ ಇರಬಹುದು. ತುಂಬಾ ಜನರಲ್ಲಿ ಹಾಗಿರತ್ತೆ, ಅದ್ರಲ್ಲೂ ಶುರುವಿನಲ್ಲಿ. ಇನ್ನೊಂದು ಪರೀಕ್ಷೆ ಇದೆ, ಆಂಟಿ-ಸಿಸಿಪಿ ಅಂತ. ಅದು ಬೇರೆ ಕಾಯಿಲೆಗಳಲ್ಲಿ ಪಾಸಿಟಿವ್ ಬರೋದು ಕಮ್ಮಿ. ಅದನ್ನ ಮಾಡ್ಸೋಣ. ಅದೂ ನೆಗೆಟಿವ್ ಬಂದ್ರೆ ನಿಮ್ಮನ್ನ ವಾಪಸ್ ಕಳಿಸ್ತೀನಿ ಅಂದ್ಕೋಬೇಡಿ. ಊದಿರೋ ಗೆಣ್ಣು ನನ್ನ ಕಣ್ಣಿಗೆ ಕಾಣ್ತಾ ಇದೆ."

ಮೂರು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನ ಕೈಯನ್ನು ನಂಬಿದ್ದರು.

ಆಮೇಲೆ ಅಕ್ಕನ ಸರದಿ. ಅವರ ಗೆಣ್ಣುಗಳನ್ನೂ ಹಾಗೆಯೇ ಒತ್ತಿದರು, ಹಿಂಡಿದರು. ಅಕ್ಕ ಉಸಿರು ಬಿಗಿಹಿಡಿದು ಕೂತಿದ್ದರು.

"ನೋವಿದೆಯಾ?"

"ಇಲ್ಲ."

"ಬೆಳಿಗ್ಗೆ ಬಿಗಿತ? ಊತ? ಬಾಯಿ, ಕಣ್ಣು ಒಣಗೋದು? ಜ್ವರ?"

"ಯಾವ್ದೂ ಇಲ್ಲ. ಆದ್ರೆ ಮೂವತ್ತೊಂದು ಬಂದಿದೆಯಲ್ಲಾ ಡಾಕ್ಟ್ರೇ!"

"ಬರತ್ತೆ. ಯಾವ ಕಾಯಿಲೆಯೂ ಇಲ್ಲದೋರಿಗೂ ಬರತ್ತೆ, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಕೆಲವು ಲಿವರ್ ಸೋಂಕಿನಲ್ಲೂ ಬರತ್ತೆ, ಅದಕ್ಕೊಂದು ಟೆಸ್ಟ್ ಬರೀತೀನಿ, ಸಮಾಧಾನಕ್ಕೆ. ಮುಂದೆ ಗೆಣ್ಣು ಊದಿದ್ರೆ ಬನ್ನಿ. ನಾನು ಕೈಗೆ ಔಷಧಿ ಕೊಡ್ತೀನಿ, ಕಾಗದಕ್ಕೆ ಕೊಡಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತ ಅಕ್ಕ ನಗಲೋ ಅಳಲೋ ಎಂದು ಗೊತ್ತಾಗದೆ ಎರಡನ್ನೂ ಮಾಡಿದರು. "ಮೂರು ವಾರದಿಂದ ಸಾರು ಕುಡಿದಿಲ್ಲ ಕಣೇ ನಾನು" ಎಂದರು. ಆಮೇಲೆ ನನ್ನ ಕೈಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ನೀನು ಈ ಕೈಯಲ್ಲಿ ನನ್ನ ಪಾತ್ರೇನೂ ತೊಳೆದ್ಯಲ್ಲೇ." ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಹೋಯಿತು. ಭಾವನ ಮೇಲಿನದು ಹೋಗಲು ಇನ್ನಷ್ಟು ದಿನ ಹಿಡಿಯಿತು.

ನನ್ನ ಆಂಟಿ-ಸಿಸಿಪಿ ರಿಪೋರ್ಟು ಬಂದಾಗ ಇಪ್ಪತ್ತರ ಒಳಗಿರಬೇಕಾದ ಕಡೆ ಇನ್ನೂರಕ್ಕಿಂತ ಹೆಚ್ಚು ಎಂದಿತ್ತು. ಅದಕ್ಕಿಂತ ಮೇಲೆ ಆ ಯಂತ್ರ ಅಳೆಯುವುದೇ ಇಲ್ಲವಂತೆ. ಇಎಸ್‌ಆರ್‌ನಂತೆ ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿಯೂ ಏರಿತ್ತು. ಎಕ್ಸ್‌ರೇಯಲ್ಲಿ ಮಾತ್ರ ಮೂಳೆ ಸವೆದ ಗುರುತು ಇರಲಿಲ್ಲ.

"ರುಮಟಾಯ್ಡ್ ಆರ್ಥ್ರೈಟಿಸ್. ಸಿಸಿಪಿ ಇಷ್ಟು ಜಾಸ್ತಿ ಇರೋರಲ್ಲಿ ಮೂಳೆ ಕೊರೆಯೋ ಅಪಾಯ ಹೆಚ್ಚು" ಎಂದರು ಡಾಕ್ಟರು. "ಆದ್ರೆ ಇನ್ನೂ ಕೊರೆದಿಲ್ಲ. ಅದಕ್ಕೇ ಈಗ್ಲೇ ಶುರು ಮಾಡ್ಬೇಕು."

ವಿಚಿತ್ರವೆಂದರೆ ನನಗೆ ಭಯಕ್ಕಿಂತ ಮೊದಲು ಬಂದದ್ದು ಗೆದ್ದೆನೆಂಬ ಹಿಗ್ಗು. ನಾನು ಹೇಳಿದ್ದು ನಿಜವಾಗಿತ್ತು. ಭಯ ಆಮೇಲೆ ಬಂತು, ಲಿಫ್ಟಿನಲ್ಲಿ, ಒಬ್ಬಳೇ ಇದ್ದಾಗ.

ಲಿವರ್, ಕಿಡ್ನಿ, ರಕ್ತಕಣ, ಎದೆಯ ಎಕ್ಸ್‌ರೇ ಎಲ್ಲ ನೋಡಿ ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟರು. ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ ಎಂದು ಮೂರು ಸಲ ಹೇಳಿ, ಯಾವ ದಿನವೆಂದು ನನ್ನ ಬಾಯಲ್ಲೇ ಹೇಳಿಸಿದರು. ಶನಿವಾರ ಎಂದೆ. ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಸಿಡ್, ಬೇರೆ ದಿನ. ಔಷಧಿ ಕೆಲಸ ಶುರು ಮಾಡುವವರೆಗೆ ಕೆಲವು ವಾರ ಸ್ವಲ್ಪ ಸ್ಟೆರಾಯ್ಡ್. ಆಗಾಗ ರಕ್ತಪರೀಕ್ಷೆ.

ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ, "ಮೇಡಂ, ಇನ್ಮೇಲೆ ನೀವು ಆಫೀಸಲ್ಲಿ ಫೈಲ್ ನೋಡ್ಕೊಳ್ಳಿ. ಲ್ಯಾಬ್ ಬೇರೆಯವರು ಮಾಡ್ತಾರೆ" ಎಂದರು.

"ಬೇಡ ಸರ್."

"ಕೈ ಸರಿ ಇಲ್ಲ ಅಂದ್ರಲ್ಲ?"

"ಬೆಳಿಗ್ಗೆ ಸರಿ ಇರಲ್ಲ ಸರ್. ಹತ್ತೂವರೆ ಮೇಲೆ ಇರತ್ತೆ. ನನ್ನ ಲ್ಯಾಬ್ ಹತ್ತೂವರೆ ಮೇಲೆ ಹಾಕಿ."

"ಟೈಂಟೇಬಲ್ ಆಗ್ಲೇ ಆಗೋಗಿದೆಯಲ್ಲ ಮೇಡಂ."

"ಹದಿನೆಂಟು ವರ್ಷ ನೀವು ಹಾಕಿದ ಟೈಂಟೇಬಲ್‌ಗೆ ನಾನು ಬಂದಿದೀನಿ. ಈ ಒಂದ್ಸಲ ಟೈಂಟೇಬಲ್ ನನ್ನ ಕೈಗೆ ಬರಲಿ."

ಅವರು ಕನ್ನಡಕ ತೆಗೆದು ಒರೆಸಿದರು. ಎರಡು ದಿನ ಬಿಟ್ಟು ಹೊಸ ಪಟ್ಟಿ ಬಂತು. ವಾರದಲ್ಲಿ ಒಂದು ತರಗತಿ ಮಾತ್ರ ಇನ್ನೂ ಒಂಬತ್ತು ಗಂಟೆಗೇ ಇತ್ತು. ಅದಕ್ಕೂ ಜಗಳವಾಡಿದೆ. ಅದನ್ನು ಬದಲಿಸಲಾಗಲಿಲ್ಲ. ಆ ದಿನ ನಾನು ಬಾಯಲ್ಲಿ ಹೇಳುತ್ತಿದ್ದೆ, ಹಿಂದಿನ ಸೆಮಿಸ್ಟರ್‌ನಲ್ಲಿ ನನ್ನ ಹತ್ತಿರ ಕಲಿತಿದ್ದ ಹುಡುಗಿಯೊಬ್ಬಳು ಕೈಯಲ್ಲಿ ಮಾಡಿ ತೋರಿಸುತ್ತಿದ್ದಳು.

ಮಾತ್ರೆ ಪವಾಡ ಮಾಡಲಿಲ್ಲ. ಮೊದಲ ಒಂದೆರಡು ತಿಂಗಳು ಭಾನುವಾರಗಳೆಲ್ಲ ವಾಕರಿಕೆಯಲ್ಲಿ ಕಳೆದವು. ನೆಂಟರೊಬ್ಬರು ಫೋನು ಮಾಡಿ, ಆ ಔಷಧಿ ಕ್ಯಾನ್ಸರಿಗೆ ಕೊಡುವುದು, ಬಿಟ್ಟುಬಿಡು ಎಂದರು. "ಕ್ಯಾನ್ಸರಿಗೆ ಕೊಡೋ ಡೋಸ್ ಬೇರೆ, ನಂದು ಬೇರೆ. ಬಿಡಲ್ಲ" ಎಂದು ಫೋನಿಟ್ಟೆ. ಮೂರನೇ ತಿಂಗಳ ಹೊತ್ತಿಗೆ ಬಿಗಿತ ಒಂದೂವರೆ ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕೆಲವು ದಿನ ಹತ್ತು. ಬಲಗೈಯ ಮಣಿಕಟ್ಟು ಮಾತ್ರ ಇನ್ನೂ ಹಠ ಹಿಡಿದಿದೆ.

ಮೊನ್ನೆ ತಪಾಸಣೆಗೆ ಹೋದಾಗ ಗಂಡನೂ ಬಂದಿದ್ದರು. "ಡಾಕ್ಟ್ರೇ, ಆ ಸಿಸಿಪಿ ಇನ್ನೊಂದ್ಸಲ ಮಾಡ್ಸೋಣ್ವಾ? ನಂಬರ್ ಎಷ್ಟು ಇಳಿದಿದೆ ನೋಡೋಣ" ಎಂದರು ಆಸೆಯಿಂದ.

ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಬೇಡ. ನನಗೆ ಕಮ್ಮಿ ಆಗಿದೆಯೋ ಇಲ್ವೋ ಅಂತ ನನ್ನನ್ನ ಕೇಳಿ."

ಡಾಕ್ಟರು ನನ್ನ ಗಂಡನ ಕಡೆ ತಿರುಗಿದರು. "ಅವರು ಹೇಳಿದ್ದು ಸರಿ. ಆ ನಂಬರ್ ಇಳಿಯದೆ ಇದ್ರೂ ಕಾಯಿಲೆ ಹತೋಟಿಗೆ ಬಂದಿರಬಹುದು. ನಾನು ಎಣಿಸೋದು ಊದಿರೋ ಗೆಣ್ಣುಗಳನ್ನ" ಎಂದು ನನ್ನ ಎರಡೂ ಕೈಗಳನ್ನು ಎಳೆದುಕೊಂಡು ಎಣಿಸತೊಡಗಿದರು. ಮೊದಲ ಸಲ ಹದಿನಾಲ್ಕು ಇದ್ದವು. ಈಗ ಎರಡು.