ಹುರಿಹಿಟ್ಟಿಗೆ ಕೆಂಪು ಚೀಟಿ

ತುಮಕೂರಿನ ಸಹಕಾರಿ ಅಂಗಡಿಯಲ್ಲಿ ಗಿರಾಕಿಗಳೇ ಸಾಲುಗಳ ನಡುವೆ ಓಡಾಡಿ ಸಾಮಾನು ಎತ್ತಿಕೊಳ್ಳುವ ಏರ್ಪಾಡು ಬಂದದ್ದು ಎಂಬತ್ತರ ದಶಕದಲ್ಲಿ. ರ್‍ಯಾಕು ತುಂಬುವ ಕೆಲಸ ನನ್ನದು. ಹೊಸ ಮಾಲು ಬಂದರೆ ಕಣ್ಣಿನ ಮಟ್ಟದ ಹಲಗೆಯಲ್ಲಿಟ್ಟು, ಹಲಗೆಯ ಅಂಚಿಗೆ ರಟ್ಟಿನ ಚೀಟಿ ಸಿಕ್ಕಿಸುತ್ತಿದ್ದೆವು. ಅದು ಒಂದಿಷ್ಟು ಹೊರಕ್ಕೆ ಚಾಚಿಕೊಂಡಿದ್ದರೆ ನಡೆಯುವವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಗುಬ್ಬಿಯಲ್ಲಿದ್ದ ನಮ್ಮ ದೊಡ್ಡಪ್ಪನ ಮಗಳು ಅಕ್ಕ, ತನ್ನ ಗಂಡ ತೀರಿಕೊಂಡ ಮೇಲೆ ರಾಗಿ ಹುರಿಹಿಟ್ಟಿಗೆ ಒಣಕೊಬ್ಬರಿ, ಏಲಕ್ಕಿ ಸೇರಿಸಿ ಪ್ಯಾಕೆಟ್ ಕಟ್ಟತೊಡಗಿದ್ದಳು. ಅದು ಓಡದಿದ್ದರೆ ಕುಣಿಗಲ್ಲಿನ ಮೈದುನನ ಮನೆಯೇ ಗತಿ. ಅಲ್ಲಿ ಅನ್ನಕ್ಕಿಂತ ಮಾತು ಹೆಚ್ಚು. ನಮ್ಮ ಅಂಗಡಿಯ ಮ್ಯಾನೇಜರು ಒಳ್ಳೆಯವರೇ. ದೀಪಾವಳಿಯವರೆಗೆ ಜಾಗ ಕೊಡುತ್ತೇನೆ, ಹೋಗದಿದ್ದರೆ ಬೇರೆ ಮಾಲಿಗೆ ಬಿಡಬೇಕಾಗುತ್ತದೆ ಎಂದರು. ನಮ್ಮ ಬೋರ್ಡು ಬರೆಯುವವನು ‘ಹೊಸದು! ಗುಬ್ಬಿಯ ಹುರಿಹಿಟ್ಟು’ ಎಂದು ದಪ್ಪಗೆ ಕೆಂಪಕ್ಷರದಲ್ಲಿ ಬರೆದುಕೊಟ್ಟ.

ಗಿರಾಕಿಗಳು ಚೀಟಿ ನೋಡುತ್ತಿದ್ದರು, ನಿಲ್ಲುತ್ತಿದ್ದರು, ಕೈಚಾಚದೆ ಮುಂದೆ ಹೋಗುತ್ತಿದ್ದರು. ಪ್ಯಾಕೆಟ್ಟಿನ ಸಾಲು ಕದಲಲಿಲ್ಲ. ಅಕ್ಕ ವಾರಕ್ಕೊಮ್ಮೆ ಬಸ್ಸಿಳಿದು ಬಂದು ಸಾಲನ್ನು ನೋಡಿ ಹೋಗುತ್ತಿದ್ದಳು.

ಕಡೆಗೆ ಹಾಗಲವಾಡಿ ಕಡೆಯ ಅಜ್ಜಿಯೊಬ್ಬರು ಆ ಹಲಗೆಯ ಮುಂದೆ ತಡವರಿಸಿದಾಗ, ಯಾಕಜ್ಜಿ ಎಂದೆ.

“ನಂದು ಊರ್ ಕಾರ್ಡು ಕಣಪ್ಪ. ಇಲ್ಲಿ ಕೊಡಕಿಲ್ವಲ್ಲ.”

ಆಗ ಹೊಳೆಯಿತು. ನಮ್ಮಲ್ಲೇ ಮೂಲೆಯಲ್ಲಿ ರೇಷನ್ ಸಕ್ಕರೆ, ಸೀಮೆಎಣ್ಣೆ ಕೊಡುತ್ತಿದ್ದೆವು. ‘ಕಾರ್ಡುದಾರರಿಗೆ ಮಾತ್ರ’ ಎಂಬ ಬೋರ್ಡಿಗೂ ಅದೇ ಬಿಳಿ ರಟ್ಟು, ಅದೇ ಕೆಂಪು ಬಣ್ಣ. ಆ ಬಣ್ಣ ಕಂಡರೆ ಕೈ ಹಿಂದೆಗೆಯುವುದು ಜನರಿಗೆ ವರ್ಷಗಳಿಂದ ಅಭ್ಯಾಸವಾಗಿಹೋಗಿತ್ತು. ಓದಬಲ್ಲವರೂ ಅಕ್ಷರಕ್ಕಿಂತ ಮೊದಲು ಬಣ್ಣವನ್ನೇ ನೋಡುತ್ತಿದ್ದರು.

ಅವತ್ತೇ ಹಸಿರಿನಲ್ಲಿ ಬರೆಸಿ ಸಿಕ್ಕಿಸಿದೆ. ಸಂಜೆಯೊಳಗೆ ಸಾಲಿನಲ್ಲಿ ಸಂದು ಕಾಣಿಸಿತು. ಮಾರನೆಯ ದಿನ ಅಂಗಡಿಗೆ ಬಂದ ಅಕ್ಕ ಆ ಸಂದನ್ನೇ ನೋಡುತ್ತಾ ನಿಂತಳು, ಮುಖ ಅರಳಿತು. ಆಮೇಲೆ ಏನನ್ನಿಸಿತೋ, ಒಂದು ಪ್ಯಾಕೆಟ್ ಒಡೆದು ಮೂಸಿದಳು. ಚಿಟಿಕೆ ಬಾಯಿಗೆ ಹಾಕಿಕೊಂಡಳು.

“ಕೊಬ್ರಿ ಕಮಟೋಗದೆ ಕಣೋ.”

ಅಷ್ಟು ದಿನ ಕೂತ ಹಿಟ್ಟು; ಕೆಡದೆ ಇನ್ನೇನಾದೀತು? ಹೊಸದಾಗಿ ಹುರಿದು ತಾ, ನಾನು ಮ್ಯಾನೇಜರ ಹತ್ತಿರ ಮಾತಾಡುತ್ತೇನೆ ಎಂದೆ. ಹಬ್ಬ ಹತ್ತಿರ ಬಂದಿತ್ತು. ಆ ಜಾಗಕ್ಕೆ ಕಂಪನಿಯೊಂದರ ಮಾಲ್ಟ್ ಡಬ್ಬಗಳೂ ಬಣ್ಣಬಣ್ಣದ ಅಚ್ಚಿನ ಚೀಟಿಗಳೂ ಆಗಲೇ ಗೋದಾಮಿಗೆ ಬಂದು ಕೂತಿದ್ದವು. ಅವಳಿಗೂ ಅದು ಗೊತ್ತಿತ್ತು.

“ಬುಡು. ನೆನ್ನೆ ತಗೊಂಡೋದೋರು ಮನೇಲಿ ಬಾಯಿಗಿಟ್ಟಿರ್ತಾರೆ. ಇನ್ನ ನನ್ ಹಿಟ್ಟು ಯಾರ್ ಮುಟ್ತಾರೆ?”

ಉಳಿದ ಪ್ಯಾಕೆಟ್ಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದಳು. ಹಸಿರು ಚೀಟಿಯನ್ನು ತಾನೇ ಎಳೆದು ನನ್ನ ಕೈಗಿತ್ತಳು. ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಹೋದೆ. ಗುಬ್ಬಿ ಬಸ್ಸು ಎದುರಿಗೇ ನಿಂತಿದ್ದರೂ ಅವಳು ಕುಣಿಗಲ್ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.